ಚಿತ್ರದ ಹುಡುಗಿ, ಅಂಗಳದ ಬಿಸಿಲು

ಕೈಯಲ್ಲಿ ಬರೆದ ಪಾತ್ರವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಮೂರು ಆಯಾಮದ ದೃಶ್ಯದಲ್ಲಿ ನಿಲ್ಲಿಸಿದಾಗ, ಅದು ಆ ಜಾಗಕ್ಕೆ ಸೇರಿದ್ದಲ್ಲ ಎಂದು ನೋಡುವವರ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ಗೆರೆ ಬೇರೆ ಬಗೆಯದು ಎಂಬುದು ಇದಕ್ಕೆ ಮುಖ್ಯ ಕಾರಣವಲ್ಲ. ಗೆರೆಯ ವ್ಯತ್ಯಾಸವನ್ನು ಕಣ್ಣು ಶೈಲಿ ಎಂದು ಒಪ್ಪಿಕೊಳ್ಳುತ್ತದೆ. ಬಿಸಿಲಿನ ದಿಕ್ಕು ತಪ್ಪಿದ್ದರೆ ಮಾತ್ರ ಒಪ್ಪುವುದಿಲ್ಲ.

ಹೊಂದಿಸಬೇಕಾದ ನೆರಳುಗಳು ಮೂರು. ಪಾತ್ರದಿಂದ ನೆಲದ ಮೇಲೆ ಬೀಳುವ ನೆರಳು ಮೊದಲನೆಯದು. ಬೆಳಕಿಗೆ ಬೆನ್ನು ಮಾಡಿದ ಭಾಗದಲ್ಲಿ ಪಾತ್ರದ ಮೈಮೇಲೆಯೇ ಕಾಣುವ ಛಾಯೆ ಎರಡನೆಯದು. ಕಂಬ, ಮರ, ಗೋಡೆಗಳಿಂದ ಪಾತ್ರದ ಮೇಲೆ ಬೀಳುವ ನೆರಳು ಮೂರನೆಯದು. ಬ್ಲೆಂಡರ್‌ನಲ್ಲಿ ಇವು ಮೂರೂ ಒಂದೇ ಗುಂಡಿಯಿಂದ ಬರುವುದಿಲ್ಲ. ಮೊದಲನೆಯದನ್ನೂ ಮೂರನೆಯದನ್ನೂ ತಂತ್ರಾಂಶದ ಸೂರ್ಯನಿಂದ ಪಡೆಯಬಹುದು, ಎರಡನೆಯದನ್ನು ಚಿತ್ರಕಾರನೇ ಬರೆಯಬೇಕು. ಈ ಹಂಚಿಕೆ ಸ್ಪಷ್ಟವಾದರೆ ಉಳಿದ ಕೆಲಸವೆಲ್ಲ ಅದರಿಂದಲೇ ಹೊರಡುತ್ತದೆ.

ಈ ಹಂಚಿಕೆ ಬ್ಲೆಂಡರ್‌ಗಿಂತ ಹಳೆಯದು. 1988ರ 'ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್' ಚಿತ್ರದಲ್ಲಿ ರಿಚರ್ಡ್ ವಿಲಿಯಮ್ಸ್ ನೇತೃತ್ವದ ಕಲಾವಿದರು ಕಾರ್ಟೂನು ಪಾತ್ರಗಳ ಬಣ್ಣದ ಚಿತ್ರದ ಜೊತೆಗೆ ಛಾಯೆ, ಹೊಳಪು ಮತ್ತು ನೆಲದ ನೆರಳುಗಳಿಗೆ ಬೇರೆ ಬೇರೆ ಪದರಗಳನ್ನು ತಯಾರಿಸಿದರು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ಅವನ್ನು ನಿಜದ ನಟರ ಚಿತ್ರಣದ ಜೊತೆ ಆಪ್ಟಿಕಲ್ ಪ್ರಿಂಟರಿನಲ್ಲಿ ಕೂಡಿಸಿತು. ಅಲ್ಲಿ ಮೂರೂ ನೆರಳು ಕೈಬರಹದವೇ. ಬ್ಲೆಂಡರ್ ಅದರಲ್ಲಿ ಎರಡನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ.

ವಿವರಕ್ಕೆ ಒಂದು ದೃಶ್ಯವನ್ನು ತೆಗೆದುಕೊಳ್ಳಬಹುದು. ಹಂಚಿನ ಮನೆಯ ಮುಂದಿನ ಅಂಗಳದಲ್ಲಿ 1.4 ಮೀಟರ್ ಎತ್ತರದ ಹುಡುಗಿಯೊಬ್ಬಳು ನಿಂತಿದ್ದಾಳೆ. ಅವಳ ಬಲಕ್ಕೆ ತುಸು ದೂರದಲ್ಲಿ 45 ಸೆಂಟಿಮೀಟರ್ ಎತ್ತರದ ಜಗಲಿ, ಜಗಲಿಗೆ ಮರದ ಕಂಬಗಳು. ಮನೆ, ಅಂಗಳ, ಕಂಬ ಎಲ್ಲವೂ ಬ್ಲೆಂಡರ್‌ನಲ್ಲಿ ಕಟ್ಟಿದವು. ಹುಡುಗಿ ಮಾತ್ರ ಎರಡು ಆಯಾಮದ ಚಿತ್ರ. ಹೊತ್ತು ಬೆಳಗಿನದು, ಸೂರ್ಯ ದಿಗಂತದಿಂದ 35 ಡಿಗ್ರಿ ಮೇಲಿದ್ದಾನೆ, ಕ್ಯಾಮೆರಾದ ಎಡಗಡೆಯಿಂದ ಬಿಸಿಲು ಬರುತ್ತಿದೆ. ಬ್ಲೆಂಡರ್‌ನ ಸೂರ್ಯದೀಪ ಏನೂ ತಿರುಗಿಸದಿದ್ದಾಗ ನೇರ ಕೆಳಕ್ಕೆ ನೋಡುತ್ತದೆ. ಆದ್ದರಿಂದ 35 ಡಿಗ್ರಿ ಎತ್ತರದ ಬಿಸಿಲಿಗೆ ಅದನ್ನು 55 ಡಿಗ್ರಿ ಓರೆ ಮಾಡಬೇಕು.

ಹುಡುಗಿಯ ಚಿತ್ರ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಕಡತವಾಗಿರುತ್ತದೆ. ಈಚಿನ ಆವೃತ್ತಿಗಳಲ್ಲಿ Add ಪಟ್ಟಿಯ Image ಒಳಗಿರುವ Mesh Plane ಆಯ್ಕೆಯಿಂದ ಅದನ್ನು ಒಂದು ತೆಳು ಹಾಳೆಯಾಗಿ ದೃಶ್ಯದೊಳಕ್ಕೆ ತರಬಹುದು. ಈ ಹಾಳೆಯನ್ನು ಇಲ್ಲಿ ಕಾರ್ಡು ಎಂದು ಕರೆಯಲಾಗಿದೆ. ಬ್ಲೆಂಡರ್‌ನೊಳಗೇ ಗ್ರೀಸ್ ಪೆನ್ಸಿಲ್‌ನಿಂದ ಪಾತ್ರವನ್ನು ಬರೆಯಲೂ ಸಾಧ್ಯ. ಆದರೆ ಗ್ರೀಸ್ ಪೆನ್ಸಿಲ್ ಗೆರೆಗಳು ದೃಶ್ಯದ ನೆಲದ ಮೇಲೆ ನೆರಳು ಬೀಳಿಸುವುದಿಲ್ಲ. ಆದ್ದರಿಂದ ಆ ದಾರಿ ಹಿಡಿದವರಿಗೂ ನೆರಳಿನ ಮಟ್ಟಿಗೆ ಒಂದು ಕಾರ್ಡು ಬೇಕೇ ಬೇಕು.

ಮೊದಲ ತೊಡಕು ಕಾಣುವುದು ನೆಲದ ನೆರಳಿನಲ್ಲಿ. ಕಾರ್ಡು ಕ್ಯಾಮೆರಾದ ಕಡೆ ಮುಖ ಮಾಡಿರುತ್ತದೆ, ಬಿಸಿಲು ಪಕ್ಕದಿಂದ ಬರುತ್ತದೆ. ತೊಗಲುಗೊಂಬೆಯನ್ನು ದೀಪಕ್ಕೆ ಅಂಚು ತೋರಿಸಿ ಹಿಡಿದರೆ ಪರದೆಯ ಮೇಲೆ ಬರೀ ಒಂದು ಗೆರೆ ಮೂಡುವಂತೆ, ಇಲ್ಲೂ ಕಾರ್ಡಿನ ನೆರಳು ಸಪೂರವಾಗುತ್ತದೆ. ಕ್ಯಾಮೆರಾ ನೋಡುವ ಅಕ್ಷದಿಂದ ಸೂರ್ಯ 70 ಡಿಗ್ರಿ ಪಕ್ಕಕ್ಕಿದ್ದರೆ ನೆರಳಿನ ಅಗಲ ನಿಜದ ಅಗಲದ ಸುಮಾರು ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. 50 ಸೆಂಟಿಮೀಟರ್ ಅಗಲದ ಹುಡುಗಿಗೆ 17 ಸೆಂಟಿಮೀಟರಿನ ನೆರಳು. 90 ಡಿಗ್ರಿಯಲ್ಲಿ ನೆರಳೇ ಇರುವುದಿಲ್ಲ. ನೆಲದ ಮೇಲೆ ಮನುಷ್ಯಾಕಾರದ ಬದಲು ಕೋಲಿನಂಥ ನೆರಳು ಕಂಡರೆ ಕಾರಣ ಇದೇ.

ಪರಿಹಾರವೆಂದರೆ ಎರಡು ಕಾರ್ಡು. ಒಂದು ಕ್ಯಾಮೆರಾಕ್ಕೆ ಕಾಣುವುದು, ಇನ್ನೊಂದು ನೆರಳಿಗೆ ಮಾತ್ರ ಇರುವುದು. ನೆರಳಿನ ಕಾರ್ಡನ್ನು ಲಂಬವಾಗಿಯೇ ನಿಲ್ಲಿಸಿ, ಸೂರ್ಯನಿರುವ ದಿಕ್ಕಿಗೆ ತಿರುಗಿಸಬೇಕು. ಸೈಕಲ್ಸ್ ರೆಂಡರ್ ಎಂಜಿನ್‌ನಲ್ಲಿ ಪ್ರತಿ ವಸ್ತುವಿಗೂ Ray Visibility ಎಂಬ ಪಟ್ಟಿಯಿದೆ. ಅದರಲ್ಲಿ Shadow ಒಂದನ್ನು ಉಳಿಸಿ Camera, Diffuse, Glossy ಮೊದಲಾದ ಉಳಿದವುಗಳ ಗುರುತು ತೆಗೆದರೆ ಕಾರ್ಡು ಕಣ್ಣಿಗೂ ಕಾಣದು, ಹೊಳಪಿನ ನೆಲದಲ್ಲಿ ಪ್ರತಿಬಿಂಬವಾಗಿಯೂ ಕಾಣದು. ಅದರ ನೆರಳು ಮಾತ್ರ ಬೀಳುತ್ತದೆ. ಚಿತ್ರದ ಆಲ್ಫಾವನ್ನು ಮೆಟೀರಿಯಲ್‌ನ Alpha ತೂತಿಗೆ ಜೋಡಿಸಲು ಮರೆಯಬಾರದು. ಮರೆತರೆ ಹುಡುಗಿಯ ಆಕಾರದ ಬದಲು ಇಡೀ ಆಯತದ ನೆರಳು ಬೀಳುತ್ತದೆ.

ಈ ಎರಡನೇ ಕಾರ್ಡಿನಲ್ಲಿ ಯಾವ ಚಿತ್ರವಿರಬೇಕು ಎಂಬುದು ಯೋಚಿಸಬೇಕಾದ ಸಂಗತಿ. ಎಡಗಡೆಯಿಂದ ನೋಡುವ ಸೂರ್ಯನಿಗೆ ಕಾಣುವುದು ಹುಡುಗಿಯ ಮುಂಭಾಗವಲ್ಲ, ಅವಳ ಪಕ್ಕದ ನೋಟ. ಅವಳು ಸುಮ್ಮನೆ ನಿಂತಿದ್ದರೆ ಮುಂಭಾಗದ ಆಕಾರವನ್ನೇ ಬಳಸಿದರೂ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ನೆಲದ ಮೇಲೆ ಚಾಚಿ ಮಲಗಿದ ನೆರಳನ್ನು ಕ್ಯಾಮೆರಾ ಓರೆಯಾಗಿ ನೋಡುತ್ತಿರುತ್ತದೆ. ಆದರೆ ಅವಳು ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಾಗ ಕತೆ ಬೇರೆ. ಸೂರ್ಯನಿಗೆ ಆ ಕೈಗಳು ಮೈಯ ಸಾಲಿನಲ್ಲೇ ಅಡಗುತ್ತವೆ, ಮುಂಭಾಗದ ಆಕಾರವನ್ನು ಬಳಸಿದ ಕಾರ್ಡಿನ ನೆರಳಿನಲ್ಲಿ ಮಾತ್ರ ಕೈಗಳು ಚಾಚಿಕೊಂಡೇ ಇರುತ್ತವೆ. ಅಂಥ ಕಡೆ ಪಕ್ಕದ ನೋಟದ ಕಪ್ಪು ಆಕಾರವನ್ನು ಬೇರೆಯಾಗಿ ಬರೆಯುವುದೇ ಲೇಸು. ಅದಕ್ಕೆ ಕಣ್ಣು, ಬಟ್ಟೆಯ ಮಡಿಕೆ ಯಾವುದೂ ಬೇಡ, ಹೊರಗೆರೆ ಸಾಕು.

ಇಷ್ಟೆಲ್ಲ ತೊಂದರೆ ತೆಗೆದುಕೊಂಡು 3ಡಿಯಲ್ಲಿ ನೆರಳು ಬೀಳಿಸುವುದೇಕೆ, ಕಪ್ಪು ಆಕಾರವನ್ನು ಓರೆ ಮಾಡಿ ನೆಲಕ್ಕೆ ಅಂಟಿಸಿದರಾಗದೆ ಎಂದು ಕೇಳಬಹುದು. ಸಪಾಟಾದ ಬಯಲಾದರೆ ಆಗುತ್ತದೆ. ಜಗಲಿ ಬಂದಾಗ ಆಗುವುದಿಲ್ಲ. ನೆರಳಿನ ಉದ್ದವೆಂದರೆ ಎತ್ತರವನ್ನು ಸೂರ್ಯಕೋನದ ಟ್ಯಾನ್ ಬೆಲೆಯಿಂದ ಭಾಗಿಸಿದಷ್ಟು. 35 ಡಿಗ್ರಿಗೆ ಅದು 0.7, ಆದ್ದರಿಂದ 1.4 ಮೀಟರಿನ ಹುಡುಗಿಯ ನೆರಳು ಸರಿಯಾಗಿ 2 ಮೀಟರ್. ನೆರಳು ಚಾಚುವ ದಿಕ್ಕಿನಲ್ಲಿ 1.2 ಮೀಟರ್ ದೂರಕ್ಕೆ ಜಗಲಿ ಅಡ್ಡ ಬಂದರೆ, ಅಲ್ಲಿಯವರೆಗೆ ನೆರಳು ನೆಲದ ಮೇಲೆ ಮಲಗುತ್ತದೆ, ಅಲ್ಲಿಂದ ಜಗಲಿಯ ಮುಖದ ಮೇಲೆ 45 ಸೆಂಟಿಮೀಟರ್ ನೆಟ್ಟಗೆ ಏರುತ್ತದೆ, ಉಳಿದ 16 ಸೆಂಟಿಮೀಟರ್ ಜಗಲಿಯ ಮೇಲೆ ಮತ್ತೆ ಮಲಗುತ್ತದೆ. ಅಂದರೆ ಅವಳ ತಲೆಯ ನೆತ್ತಿ ಮಾತ್ರ ಜಗಲಿಯ ಮೇಲಿದೆ. ಹುಡುಗಿ ಒಂದು ಹೆಜ್ಜೆ ಇಟ್ಟರೆ ಈ ಮೂರು ಅಳತೆಗಳೂ ಬದಲಾಗುತ್ತವೆ. ಪ್ರತಿ ಫ್ರೇಮಿಗೂ ಇದನ್ನು ಕೈಯಲ್ಲಿ ಬರೆಯುವುದು ಬಹಳ ದುಬಾರಿ, ಬ್ಲೆಂಡರ್‌ಗೆ ಅದು ಸಹಜ ಲೆಕ್ಕ. ನೆರಳು ಜಗಲಿಯ ಮೇಲೆ ಮುರಿದು ಏರುವ ಈ ನೋಟವೇ, ಹುಡುಗಿ ಅಲ್ಲಿ ನಿಂತಿದ್ದಾಳೆ ಎಂದು ನೋಡುವವರನ್ನು ನಂಬಿಸುತ್ತದೆ.

ನಂಬಿಕೆ ಮುರಿಯುವುದು ಹೆಚ್ಚಾಗಿ ಪಾದದ ಬಳಿ. ಚಿತ್ರದ ಕಡತದಲ್ಲಿ ಅಂಗಾಲಿನ ಕೆಳಗೆ ಖಾಲಿ ಜಾಗ ಉಳಿದಿದ್ದರೆ ಕಾರ್ಡಿನ ತಳ ನೆಲ ಮುಟ್ಟಿದ್ದರೂ ಪಾದ ಮುಟ್ಟಿರುವುದಿಲ್ಲ. ಪಾದಕ್ಕೂ ನೆರಳಿಗೂ ನಡುವೆ ಬಿಸಿಲಿನ ಸಣ್ಣ ಸೀಳು ಕಾಣಿಸಿ ಹುಡುಗಿ ತೇಲಿದಂತಾಗುತ್ತದೆ. ಚಿತ್ರವನ್ನು ಅಂಗಾಲಿನ ಅಂಚಿಗೆ ಕತ್ತರಿಸಿ, ಎರಡೂ ಕಾರ್ಡುಗಳ ಮೂಲಬಿಂದುವನ್ನು ಅಲ್ಲಿಯೇ ಇಟ್ಟರೆ ಈ ದೋಷ ಹೋಗುತ್ತದೆ. ಇನ್ನೊಂದು ದೋಷ ಸ್ವಲ್ಪ ಸೂಕ್ಷ್ಮ. ಒಂದು ಪಾದ ಮುಂದೆ, ಒಂದು ಹಿಂದೆ ಇದ್ದಾಗ ಚಿತ್ರಕಾರ ಹಿಂದಿನ ಪಾದವನ್ನು ತುಸು ಮೇಲೆ ಬರೆದಿರುತ್ತಾನೆ. ಚಿತ್ರದಲ್ಲಿ ಅದು ಸರಿ. ಕಾರ್ಡಿಗೆ ಮಾತ್ರ ಆ ಪಾದ ಗಾಳಿಯಲ್ಲಿದೆ. 6 ಸೆಂಟಿಮೀಟರ್ ಮೇಲಿದ್ದರೆ ಅದರ ನೆರಳು ಎಂಟೂವರೆ ಸೆಂಟಿಮೀಟರ್ ಆಚೆ ಸರಿದು ಬೀಳುತ್ತದೆ. ನೆರಳಿನ ಕಾರ್ಡಿನಲ್ಲಿ ಎರಡೂ ಪಾದಗಳನ್ನು ಒಂದೇ ಮಟ್ಟಕ್ಕೆ ಇಳಿಸಿ ಬರೆಯುವುದು ಇದಕ್ಕೆ ಮದ್ದು. ಜೊತೆಗೆ ಪ್ರತಿ ಪಾದದಡಿ ಅಂಗೈಯಗಲದ ಮೆತ್ತನೆಯ ಕಪ್ಪನ್ನು ಬಳಿದರೆ ಭಾರ ಕೂರುತ್ತದೆ.

ನೆರಳಿನ ಅಂಚು ಎಷ್ಟು ಮೆತ್ತಗಿರಬೇಕು ಎಂಬುದನ್ನು ಸೂರ್ಯದೀಪದ Angle ಎಂಬ ಬೆಲೆ ನಿರ್ಧರಿಸುತ್ತದೆ. ಆಕಾಶದಲ್ಲಿ ಸೂರ್ಯನ ಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಆ ಬೆಲೆಯಲ್ಲಿ ನೆರಳು ಬೀಳಿಸುವ ಭಾಗದಿಂದ ಬಿಸಿಲು ಒಂದು ಮೀಟರ್ ಸಾಗಿದರೆ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತದೆ. ಹಾಗಾಗಿ ಪಾದದ ನೆರಳು ಚೂಪಾಗಿ, ತಲೆಯ ನೆರಳು ಮೃದುವಾಗಿ ಇರುವುದು ಸಹಜ. ತೆಳು ಮೋಡದ ದಿನಕ್ಕೆ ಕೋನವನ್ನು ಹಲವು ಡಿಗ್ರಿಗೆ ಏರಿಸಬೇಕು.

ಇನ್ನು ಮೈಮೇಲಿನ ಛಾಯೆ. ಕಾರ್ಡು ಸಪಾಟು. ಅದರ ಮೇಲಿನ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ನೋಡುತ್ತವೆ. ಬ್ಲೆಂಡರ್‌ನ ಬೆಳಕು ಬಿದ್ದರೆ ಮೂಗು, ಕೆನ್ನೆ, ಲಂಗ ಎಲ್ಲವೂ ಒಂದೇ ಸಮ ಬೆಳಗುತ್ತವೆ ಅಥವಾ ಒಂದೇ ಸಮ ಮಂಕಾಗುತ್ತವೆ. ಈ ಕಾರಣಕ್ಕೆ ಹುಡುಗಿಯನ್ನು ಎರಡು ಪದರಗಳಲ್ಲಿ ಬರೆಯುವುದು ವಾಡಿಕೆ. ಒಂದರಲ್ಲಿ ಛಾಯೆಯೇ ಇಲ್ಲದ ಸಪಾಟು ಬಣ್ಣ ಮತ್ತು ಗೆರೆ, ಇನ್ನೊಂದರಲ್ಲಿ ಬಣ್ಣವೇ ಇಲ್ಲದ ಕಪ್ಪು ಬಿಳುಪಿನ ಛಾಯೆ. ಬಿಸಿಲು ಬಿದ್ದ ಕಡೆ ಬಿಳಿ, ಬೀಳದ ಕಡೆ ಕಪ್ಪು.

ಛಾಯೆಯ ಗಡಿ ಎಲ್ಲಿರಬೇಕು ಎಂಬುದನ್ನು ಊಹಿಸುವ ಅಗತ್ಯವಿಲ್ಲ. ಹುಡುಗಿ ನಿಲ್ಲುವ ಜಾಗದಲ್ಲಿ, ಅವಳ ತಲೆಯ ಎತ್ತರಕ್ಕೆ, ತಲೆಯಷ್ಟೇ ದೊಡ್ಡದಾದ ಹೊಳಪಿಲ್ಲದ ಬಿಳಿ ಗೋಳವೊಂದನ್ನು ಇಟ್ಟು ಒಂದು ಫ್ರೇಮ್ ರೆಂಡರ್ ಮಾಡಿದರೆ ಸಾಕು. ಈ ದೃಶ್ಯದಲ್ಲಿ ಕ್ಯಾಮೆರಾಕ್ಕೆ ಕಾಣುವ ಗೋಳದ ಸುಮಾರು ಮೂರನೇ ಎರಡು ಭಾಗ ಬಿಸಿಲಲ್ಲಿದ್ದು, ಬಲಗಡೆಯ ಕೆಳಭಾಗ ಮಾತ್ರ ಛಾಯೆಯಲ್ಲಿರುತ್ತದೆ. ಕೆನ್ನೆಯ ಮೇಲೆ, ಗಲ್ಲದ ಕೆಳಗೆ, ತೋಳಿನ ಪಕ್ಕದಲ್ಲಿ ಚಿತ್ರಕಾರ ಈ ಗಡಿಯನ್ನೇ ಅನುಸರಿಸುತ್ತಾನೆ. ಜಡೆಯಿಂದ ಕುತ್ತಿಗೆಯ ಮೇಲೆ, ಮೂಗಿನಿಂದ ಕೆನ್ನೆಯ ಮೇಲೆ ಬೀಳುವ ನೆರಳುಗಳೂ ಇದೇ ಪದರಕ್ಕೆ ಸೇರುತ್ತವೆ.

ಗೋಳದಿಂದ ಇನ್ನೊಂದು ಲಾಭವಿದೆ, ಬಣ್ಣ. ನೆರಳೆಂದರೆ ಕಪ್ಪಲ್ಲ. ಬಿಸಿಲು ತಾಗದ ಕಡೆ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ, ನೆಲದ ಕೆಂಪು ಕೂಡ ಕೆಳಗಿನಿಂದ ಚಿಮ್ಮುತ್ತದೆ. ಗೋಳದ ಚಿತ್ರವನ್ನು ಬ್ಲೆಂಡರ್‌ನಲ್ಲಿ ತೆರೆದು ಮೌಸಿನ ಬಲಗುಂಡಿ ಒತ್ತಿ ಹಿಡಿದರೆ ಆ ಬಿಂದುವಿನ ಕೆಂಪು, ಹಸಿರು, ನೀಲಿ ಬೆಲೆಗಳು ಕಾಣುತ್ತವೆ. ಬಿಸಿಲಿನ ಕಡೆ 0.80, 0.76, 0.68 ಎಂದೂ, ಛಾಯೆಯ ಕಡೆ 0.20, 0.23, 0.27 ಎಂದೂ ಇದೆಯೆನ್ನೋಣ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.25, 0.30, 0.40 ಬರುತ್ತದೆ. ಹುಡುಗಿಯ ಛಾಯೆಯ ಭಾಗವನ್ನು ಗುಣಿಸಬೇಕಾದ ಬಣ್ಣ ಇದೇ. ನೀಲಿ ಕಡಿಮೆ ಕುಗ್ಗಿದೆ, ಕೆಂಪು ಹೆಚ್ಚು ಕುಗ್ಗಿದೆ ಎಂಬುದನ್ನು ಗಮನಿಸಬೇಕು. ಬರೀ ಬೂದು ಬಣ್ಣದಿಂದ ಗುಣಿಸಿದರೆ ಹುಡುಗಿಯ ಛಾಯೆ ಕೊಳೆಯಂತೆ ಕಾಣುವುದು ಈ ವ್ಯತ್ಯಾಸ ಇಲ್ಲದ್ದರಿಂದ. ಬಿಸಿಲಿನ ಹಳದಿಯನ್ನೂ ಮರೆಯಬಾರದು. ಇಡೀ ಹುಡುಗಿಯನ್ನು ಮೊದಲು 1, 0.95, 0.85 ರಿಂದ ಗುಣಿಸಿದರೆ ಬೆಳಗಿನ ಬಿಸಿಲು ಅವಳ ಬಿಳಿ ರವಿಕೆಗೂ ಅಂಟುತ್ತದೆ.

ಮೂರನೆಯದು ಕಂಬದ ನೆರಳು. ಹುಡುಗಿ ಜಗಲಿ ಹತ್ತಿ ನಡೆದಾಗ ಕಂಬಗಳ ನೆರಳು ಅವಳ ಮೇಲೆ ಹಾದುಹೋಗಬೇಕು. ಇದಕ್ಕೆ ಕ್ಯಾಮೆರಾ ಕಡೆಯ ಕಾರ್ಡಿಗೆ ತಾತ್ಕಾಲಿಕವಾಗಿ ಹೊಳಪಿಲ್ಲದ ಬಿಳಿ ಬಣ್ಣ ಹಚ್ಚಿ, ಆಕಾಶದ ಬೆಳಕನ್ನು ಆರಿಸಿ, ಸೂರ್ಯನನ್ನು ಮಾತ್ರ ಉಳಿಸಿ ಪ್ರತ್ಯೇಕವಾಗಿ ರೆಂಡರ್ ಮಾಡಲಾಗುತ್ತದೆ. ಈ ಹೊತ್ತಿನಲ್ಲಿ ನೆರಳಿನ ಕಾರ್ಡನ್ನು ಮರೆಮಾಡಲೇಬೇಕು. ಎರಡೂ ಕಾರ್ಡುಗಳು ಪಾದದ ಬಳಿ ಒಂದನ್ನೊಂದು ಕತ್ತರಿಸಿ ನಿಂತಿರುವುದರಿಂದ, ಇಲ್ಲವಾದರೆ ಹುಡುಗಿಯ ನೆರಳು ಹುಡುಗಿಯ ಅರ್ಧ ಮೈಯ ಮೇಲೇ ಬೀಳುತ್ತದೆ. ಬಂದ ಚಿತ್ರದಲ್ಲಿ ಕಂಬದ ನೆರಳು ಕಪ್ಪು ಪಟ್ಟಿಯಾಗಿಯೂ ಉಳಿದದ್ದು ಒಂದೇ ಸಮನಾದ ಬೂದಾಗಿಯೂ ಇರುತ್ತದೆ. ಕಲರ್ ರ್‍ಯಾಂಪ್ ನೋಡ್‌ನಿಂದ ಆ ಬೂದನ್ನು ಪೂರ್ತಿ ಬಿಳಿ ಮಾಡಿದರೆ ಇನ್ನೊಂದು ಛಾಯಾಪದರ ಸಿದ್ಧ.

ಈಗ ಎರಡು ಛಾಯಾಪದರಗಳಿವೆ, ಕೈಯಲ್ಲಿ ಬರೆದದ್ದು ಮತ್ತು ಕಂಬದ್ದು. ಇವನ್ನು ಒಂದರ ಮೇಲೊಂದು ಗುಣಿಸುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಛಾಯೆಯೆಂದರೆ ಸೂರ್ಯ ಕಾಣದ ಜಾಗ. ಕೆನ್ನೆಯ ತಿರುವಿನಿಂದಾಗಿ ಈಗಾಗಲೇ ಸೂರ್ಯ ಮರೆಯಾದ ಕಡೆ ಕಂಬವೂ ಅಡ್ಡ ಬಂದರೆ ಕತ್ತಲು ಇಮ್ಮಡಿಯಾಗುವುದಿಲ್ಲ. ಎರಡೂ ಪದರಗಳಲ್ಲಿ ಪ್ರತಿ ಬಿಂದುವಿಗೆ ಯಾವುದು ಹೆಚ್ಚು ಕಪ್ಪೋ ಅದನ್ನು ಮಾತ್ರ ತೆಗೆದುಕೊಳ್ಳಬೇಕು. ಮಿಕ್ಸ್ ನೋಡ್‌ನ Darken ಅದನ್ನೇ ಮಾಡುತ್ತದೆ. ಕಂಬದ ನೆರಳಿನೊಳಗೆ ಗಲ್ಲದಡಿಯ ನೆರಳು ಇನ್ನೂ ಕಪ್ಪಾಗಿ ಎದ್ದು ಕಂಡರೆ ಗುಣಾಕಾರ ಎರಡು ಸಲ ಆಗಿದೆ ಎಂದೇ ಅರ್ಥ.

ಕೊನೆಯ ಜೋಡಣೆ ಕಂಪೋಸಿಟರ್‌ನಲ್ಲಿ. ಒಂದು ಕಡೆ ಹುಡುಗಿಯಿಲ್ಲದ, ಅವಳ ನೆರಳು ಮಾತ್ರ ಇರುವ ಅಂಗಳ. ಇನ್ನೊಂದು ಕಡೆ ಹಿನ್ನೆಲೆಯಿಲ್ಲದ ಹುಡುಗಿ. ಅವಳ ಮುಂದೆ ಕಂಬ ಬರುವುದಾದರೆ ಅವಳನ್ನು ರೆಂಡರ್ ಮಾಡುವಾಗ ಮನೆಯ ವಸ್ತುಗಳನ್ನು Holdout ಮಾಡಿಟ್ಟರೆ ಕಂಬದ ಆಕಾರಕ್ಕೆ ಅವಳು ಕತ್ತರಿಸಿಕೊಂಡು ಬರುತ್ತಾಳೆ. ಸಪಾಟು ಬಣ್ಣಕ್ಕೆ ಎಮಿಷನ್ ಮೆಟೀರಿಯಲ್ ಬಳಸಿದರೆ ದೃಶ್ಯದ ಬೆಳಕು ಅದನ್ನು ಮುಟ್ಟುವುದಿಲ್ಲ. ಛಾಯೆ ಗುಣಿಸಿದ ಹುಡುಗಿಯನ್ನು Alpha Over ನೋಡ್ ಅಂಗಳದ ಮೇಲೆ ಕೂಡಿಸುತ್ತದೆ. ಅವಳ ಸುತ್ತ ಬಿಳಿ ಅಥವಾ ಕಪ್ಪು ಕೂದಲೆಳೆಯಂಥ ಅಂಚು ಕಂಡರೆ ಚಿತ್ರದ ಆಲ್ಫಾವನ್ನು ಓದುವ ಬಗೆ ತಪ್ಪಿದೆ. ಕಡತದ ಆಲ್ಫಾ Straight ಬಗೆಯದೋ Premultiplied ಬಗೆಯದೋ ನೋಡಿ ಸರಿಪಡಿಸಬೇಕು.

ಇಲ್ಲಿ ಹಲವರನ್ನು ಕಾಡುವ ಒಂದು ಸಮಸ್ಯೆಯಿದೆ. ಚಿತ್ರಕಾರ ಹಚ್ಚಿದ ಅಚ್ಚ ಬಿಳಿ ಬ್ಲೆಂಡರ್‌ನಲ್ಲಿ ಬೂದಾಗಿ, ಕೆಂಪು ಸಪ್ಪೆಯಾಗಿ ಹೊರಬರುತ್ತದೆ. 4.0 ಆವೃತ್ತಿಯಿಂದ ಬ್ಲೆಂಡರ್ ತಾನಾಗಿ ಬಳಸುವ AgX ಎಂಬ ಬಣ್ಣ ಪರಿವರ್ತನೆ ಇದಕ್ಕೆ ಕಾರಣ. ಬಿಸಿಲಿನ ತೀವ್ರ ಬೆಳಕನ್ನು ಪರದೆಗೆ ಒಗ್ಗಿಸಲು ಅದು ಬೇಕು, ಮೊದಲೇ ಪರದೆಗೆಂದು ಬರೆದ ಚಿತ್ರಕ್ಕೆ ಬೇಡ. ಅಂಗಳವನ್ನು AgX ನಲ್ಲಿ ರೆಂಡರ್ ಮಾಡಿ ಪಿಎನ್‌ಜಿಯಾಗಿ ಉಳಿಸಿ, ಹುಡುಗಿಯನ್ನೂ ಜೋಡಣೆಯನ್ನೂ Standard ಆಯ್ಕೆಯಿರುವ ಬೇರೊಂದು ಕಡತದಲ್ಲಿ ಮಾಡುವುದು ನೇರವಾದ ದಾರಿ. ಗೋಳದ ಬೆಲೆಗಳನ್ನೂ ಹೀಗೆ ಉಳಿಸಿದ ಪಿಎನ್‌ಜಿಯಿಂದಲೇ ಓದಬೇಕು. AgX ಬೆಳಕು ನೆರಳುಗಳ ಅಂತರವನ್ನು ಸ್ವಲ್ಪ ಕುಗ್ಗಿಸುವುದರಿಂದ, ಪರಿವರ್ತನೆಗೆ ಮುಂಚಿನ ಬೆಲೆಗಳನ್ನು ಬಳಸಿದರೆ ಹುಡುಗಿಯ ಛಾಯೆ ಅಂಗಳದ ನೆರಳಿಗಿಂತ ಗಾಢವಾಗಿ ಕಾಣುತ್ತದೆ.

ಕ್ಯಾಮೆರಾ ಅಲುಗಾಡತೊಡಗಿದಾಗ ಮಿತಿಗಳು ಎದುರಾಗುತ್ತವೆ. ಕಾಣುವ ಕಾರ್ಡು ಸದಾ ಕ್ಯಾಮೆರಾಕ್ಕೆ ಮುಖ ಮಾಡುವಂತೆ Locked Track ಹಾಕಬಹುದು, ಆದರೆ ಲಂಬ ಅಕ್ಷದ ಸುತ್ತ ಮಾತ್ರ ತಿರುಗುವಂತೆ. ನೆರಳಿನ ಕಾರ್ಡು ಕ್ಯಾಮೆರಾವನ್ನು ಹಿಂಬಾಲಿಸಬಾರದು. ಹಿಂಬಾಲಿಸಿದರೆ ಸೂರ್ಯ ಕದಲದಿದ್ದರೂ ನೆರಳು ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ. ಕ್ಯಾಮೆರಾ ಮೇಲಿನಿಂದ 20 ಡಿಗ್ರಿ ಕೆಳಗೆ ನೋಡುತ್ತಿದ್ದರೆ ಲಂಬವಾದ ಕಾರ್ಡು ಸುಮಾರು ಶೇಕಡಾ 6ರಷ್ಟು ಗಿಡ್ಡವಾಗಿ ಕಾಣುತ್ತದೆ. ಅದನ್ನು ಹಿಂದಕ್ಕೆ ವಾಲಿಸಿ ಸರಿಮಾಡುವ ಬದಲು ಅಷ್ಟೇ ಪ್ರಮಾಣದಲ್ಲಿ ಎತ್ತರಕ್ಕೆ ಎಳೆಯುವುದು ಕ್ಷೇಮ, ವಾಲಿಸಿದರೆ ತಲೆ ಹಿಂದಿನ ಗೋಡೆಯೊಳಗೆ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಹುಡುಗಿಯನ್ನು 12 ಚಿತ್ರಗಳಲ್ಲೇ ಬರೆದಿದ್ದರೆ, ನೆರಳಿನ ಕಾರ್ಡಿನ ಚಿತ್ರವೂ ಛಾಯಾಪದರವೂ ಅದೇ ಫ್ರೇಮಿನಲ್ಲಿ ಬದಲಾಗಬೇಕು. ಒಂದೇ ಫ್ರೇಮಿನ ಹಿಂದುಮುಂದಾದರೂ ಕಾಲು ಎತ್ತಿದ ಮೇಲೆ ನೆರಳು ಎದ್ದಂತೆ ತೋರುತ್ತದೆ.

ಕ್ಯಾಮೆರಾ ಪಾತ್ರದ ಸುತ್ತ ಹತ್ತಿಪ್ಪತ್ತು ಡಿಗ್ರಿಗಿಂತ ಹೆಚ್ಚು ತಿರುಗಿದರೆ ಕಾರ್ಡು ತನ್ನ ಸಪಾಟುತನವನ್ನು ತೋರಿಸಿಬಿಡುತ್ತದೆ. ಅಂಥ ದೃಶ್ಯಗಳಿಗೆ ಬೇರೆ ವಿಧಾನವಿದೆ. 2019ರಲ್ಲಿ ಬಂದ ಜೆರೆಮಿ ಕ್ಲಾಪಾನ್ ಅವರ ಫ್ರೆಂಚ್ ಚಿತ್ರ 'ಐ ಲಾಸ್ಟ್ ಮೈ ಬಾಡಿ'ಯಲ್ಲಿ ಪಾತ್ರಗಳನ್ನು ಮೊದಲು 3ಡಿಯಲ್ಲಿ ಚಲಿಸಿ, ಅವುಗಳ ಮೇಲೆ ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್‌ನಿಂದ ಗೆರೆ ಬರೆಯಲಾಯಿತು. ಒರಟಾದ ಒಂದು 3ಡಿ ಗೊಂಬೆ ಇದ್ದರೆ ನೆರಳಿನ ಕಾರ್ಡೂ ಬೇಡ, ಬಿಳಿ ಗೋಳವೂ ಬೇಡ, ಗೊಂಬೆಯೇ ನೆರಳು ಬೀಳಿಸುತ್ತದೆ, ಛಾಯೆಯ ಗಡಿಯನ್ನೂ ತೋರಿಸುತ್ತದೆ. ಆದರೆ ಪ್ರತಿ ಪಾತ್ರಕ್ಕೂ ಗೊಂಬೆ ಕಟ್ಟಿ ಅದನ್ನು ನಡೆಸುವ ಶ್ರಮ ಸಣ್ಣದಲ್ಲ. ಕ್ಯಾಮೆರಾ ನಿಂತಲ್ಲೇ ಇರುವ ಅಥವಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಿಗೆ ಎರಡು ಕಾರ್ಡು ಸಾಕು. ಕ್ಯಾಮೆರಾ ಪಾತ್ರವನ್ನು ಸುತ್ತುವುದಾದರೆ ಗೊಂಬೆಯನ್ನೇ ಕಟ್ಟಬೇಕು.